ಡೊಂಬಿವಲಿಯಿಂದ ರಬಾಳೆಗೆ: ಒಂದು ವಿಶೇಷ ನಿರ್ಣಯ, ಮೂವತ್ತು ದಿನ, ಒಂದು ಚಲನ್

ಡೊಂಬಿವಲಿ ಎಂಐಡಿಸಿಯಲ್ಲಿ ಸಣ್ಣ ಗಾಲೆಯಲ್ಲಿ ಶುರುವಾದ ಉದ್ಯೋಗ, ಸ್ವಲ್ಪ ಬೆಳೆದ ಮೇಲೆ ನವಿ ಮುಂಬಯಿಯ ರಬಾಳೆ, ಮಹಾಪೆ, ತುರ್ಭೆ ಕಡೆ ಜಾಗ ಹುಡುಕುತ್ತದೆ. ನಮ್ಮವರಲ್ಲಿ ಇಂಥ ಹತ್ತಾರು ಮಂದಿಯನ್ನು ಬಲ್ಲೆ. ಸಾಮಾನು ಸಾಗಿಸುವುದಕ್ಕೆ ಟೆಂಪೋ ಗೊತ್ತುಮಾಡುತ್ತಾರೆ, ವಿದ್ಯುತ್ ಸಂಪರ್ಕಕ್ಕೆ ಓಡಾಡುತ್ತಾರೆ, ಹೊಸ ಜಾಗದಲ್ಲಿ ಗಣಹೋಮವನ್ನೂ ಮಾಡಿಸುತ್ತಾರೆ. ಆದರೆ ಆ ಉದ್ಯೋಗ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದು, ಅದರ ನೋಂದಾಯಿತ ಕಚೇರಿಯೇ ಹೊಸ ಜಾಗಕ್ಕೆ ಹೋಗುವುದಾದರೆ, ಟೆಂಪೋ ಬರುವುದಕ್ಕೂ ಮೊದಲು ಆಗಬೇಕಾದ ಕಾಗದದ ಕೆಲಸವೊಂದಿದೆ. ನಾನು ಹಲವು ವರ್ಷಗಳಿಂದ ಡೊಂಬಿವಲಿ ಪೂರ್ವದಲ್ಲಿ ಕಂಪನಿ ಸೆಕ್ರೆಟರಿಯಾಗಿ ಇದೇ ಕೆಲಸ ಮಾಡಿಕೊಂಡಿರುವವನು. ಹೆಚ್ಚಿನ ಎಡವಟ್ಟು ಆಗುವುದು ನಿರ್ಣಯ ಮಾಡುವಲ್ಲಿ ಅಲ್ಲ. ಮಾಡಿದ ನಿರ್ಣಯವನ್ನು ರಿಜಿಸ್ಟ್ರಾರರಿಗೆ ಸಲ್ಲಿಸುವಲ್ಲಿ, ಮತ್ತು ಸಲ್ಲಿಸಿದ್ದೇವೆ ಎಂದು ತೋರಿಸುವಲ್ಲಿ.

ಮೊದಲು ಗಡಿಯ ಮಾತು. ಕಂಪನಿ ಕಾಯಿದೆ 2013ರ 12ನೇ ಕಲಮಿನ ಪ್ರಕಾರ, ನೋಂದಾಯಿತ ಕಚೇರಿಯನ್ನು ಈಗಿರುವ ನಗರ, ಪಟ್ಟಣ ಅಥವಾ ಹಳ್ಳಿಯ ಸ್ಥಳೀಯ ಎಲ್ಲೆಯ ಆಚೆಗೆ ಒಯ್ಯಬೇಕಾದರೆ ಡೈರೆಕ್ಟರುಗಳ ಬೋರ್ಡು ಒಪ್ಪಿದರೆ ಸಾಲದು, ಷೇರುದಾರರ ವಿಶೇಷ ನಿರ್ಣಯ ಬೇಕು. ನಮ್ಮ ಕಡೆ ಇದು ಗೊಂದಲ ಹುಟ್ಟಿಸುವ ಮಾತು. ಲೋಕಲ್ ರೈಲಿನಲ್ಲಿ ಕೂತವನಿಗೆ ಕಲ್ಯಾಣ್, ಡೊಂಬಿವಲಿ, ಠಾಣೆ ಎಲ್ಲವೂ ಒಂದೇ ಊರಿನಂತೆ ಕಾಣುತ್ತವೆ. ಕಾನೂನಿಗೆ ಹಾಗಲ್ಲ. ಕಲ್ಯಾಣ್ ಮತ್ತು ಡೊಂಬಿವಲಿ ಒಂದೇ ಮಹಾನಗರಪಾಲಿಕೆಯಲ್ಲಿವೆ. ಠಾಣೆಗೆ ಬೇರೆ, ನವಿ ಮುಂಬಯಿಗೆ ಬೇರೆ ಪಾಲಿಕೆ. ಡೊಂಬಿವಲಿಯಿಂದ ಕಲ್ಯಾಣಿಗೆ ಹೋಗುವವರು ಸಾಮಾನ್ಯವಾಗಿ ಬೋರ್ಡಿನ ನಿರ್ಣಯದಲ್ಲೇ ಮುಗಿಸುತ್ತಾರೆ. ನನ್ನನ್ನು ಕೇಳಿದರೆ, ಸಂಶಯವಿದ್ದಲ್ಲಿ ವಿಶೇಷ ನಿರ್ಣಯವನ್ನೇ ಮಾಡಿಬಿಡಿ ಎನ್ನುತ್ತೇನೆ. ಒಂದು ಸಭೆ ಹೆಚ್ಚಾದರೆ ಯಾರೂ ಬೈಯುವುದಿಲ್ಲ. ಡೊಂಬಿವಲಿಯಿಂದ ರಬಾಳೆಗೋ ಠಾಣೆಯ ವಾಗ್ಳೆ ಎಸ್ಟೇಟಿಗೋ ಹೋಗುವುದಾದರೆ ಸಂಶಯವೇ ಇಲ್ಲ, ಎಲ್ಲೆ ದಾಟಿದಂತೆಯೇ. ಹೊಸ ವಿಳಾಸ ಬೇರೆ ರಿಜಿಸ್ಟ್ರಾರರ ವ್ಯಾಪ್ತಿಗೆ ಬಂದರಂತೂ ಪ್ರಾದೇಶಿಕ ನಿರ್ದೇಶಕರ ಅನುಮತಿಯೂ ಬೇಕಾಗುತ್ತದೆ. ಹಾಗಾಗಿ ಹೊರಡುವ ಮೊದಲು ಎರಡೂ ವಿಳಾಸಗಳು ಯಾವ ಕಚೇರಿಯ ವ್ಯಾಪ್ತಿಯಲ್ಲಿವೆ ಎಂದು ನೋಡಿಕೊಳ್ಳಬೇಕು.

ವಿಶೇಷ ನಿರ್ಣಯವೆಂದರೆ ಇಷ್ಟೆ: ಪರವಾಗಿ ಬಿದ್ದ ಮತಗಳು ವಿರುದ್ಧ ಬಿದ್ದ ಮತಗಳ ಮೂರು ಪಟ್ಟಾದರೂ ಇರಬೇಕು, ಮತ್ತು ಇದನ್ನು ವಿಶೇಷ ನಿರ್ಣಯವಾಗಿ ಮಂಡಿಸುತ್ತೇವೆ ಎಂದು ನೋಟಿಸಿನಲ್ಲೇ ಹೇಳಿರಬೇಕು. ನೋಟಿಸು ಕಳಿಸಿದ ದಿನ ಮತ್ತು ಸಭೆಯ ದಿನ ಎರಡನ್ನೂ ಬಿಟ್ಟು ನಡುವೆ 21 ಪೂರ್ತಿ ದಿನಗಳಿರಬೇಕು. ಅಷ್ಟು ದಿನ ಕಾಯಲಾಗದಿದ್ದರೆ, ಮತದ ಹಕ್ಕುಳ್ಳ ಸದಸ್ಯರಲ್ಲಿ ಬಹುಮತದವರು, ಅದೂ ಪಾವತಿಯಾದ ಬಂಡವಾಳದ ಶೇ. 95ಕ್ಕೆ ಕಡಿಮೆಯಿಲ್ಲದಷ್ಟು ಷೇರು ಹೊಂದಿದವರು, ಒಪ್ಪಿಗೆ ಕೊಟ್ಟರೆ ಕಡಿಮೆ ಅವಧಿಯಲ್ಲೂ ಸಭೆ ಕರೆಯಬಹುದು. ನೋಟಿಸಿನ ಜೊತೆ ವಿವರಣಾ ಹೇಳಿಕೆ ಇರಬೇಕು: ಏಕೆ ಸ್ಥಳ ಬದಲಾವಣೆ, ಡೈರೆಕ್ಟರುಗಳಿಗೆ ಇದರಲ್ಲಿ ಸ್ವಂತ ಹಿತಾಸಕ್ತಿ ಇದೆಯೇ, ಇತ್ಯಾದಿ. ಹೊಸ ಗಾಲೆ ಡೈರೆಕ್ಟರರ ಹೆಂಡತಿಯ ಹೆಸರಿನಲ್ಲಿದ್ದರೆ ಅದನ್ನು ಅಲ್ಲಿ ಬರೆಯಬೇಕು. ಮನೆಯವರೇ ನಾಲ್ಕು ಮಂದಿ ಷೇರುದಾರರಾಗಿರುವ ಕಂಪನಿಗಳಲ್ಲಿ ಈ ಹೇಳಿಕೆಯನ್ನು ಯಾರೂ ಬರೆಯುವುದಿಲ್ಲ, ಏಕೆಂದರೆ ವಿಷಯ ಎಲ್ಲರಿಗೂ ಗೊತ್ತು. ಆದರೆ 117ನೇ ಕಲಮು ನಿರ್ಣಯದ ಪ್ರತಿಯ ಜೊತೆ ಈ ವಿವರಣಾ ಹೇಳಿಕೆಯನ್ನೂ ಸಲ್ಲಿಸಬೇಕೆನ್ನುತ್ತದೆ. ಆಗ ಕೂತು ಹಿಂದಿನ ದಿನಾಂಕ ಹಾಕಿ ಬರೆಯುವ ಅಭ್ಯಾಸವನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಇನ್ನು ಆ 117ನೇ ಕಲಮು. ನಿರ್ಣಯ ಅಂಗೀಕಾರವಾದ 30 ದಿನದೊಳಗೆ ಅದರ ಪ್ರತಿಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಫಾರ್ಮಿನ ಹೆಸರು ಎಂಜಿಟಿ-14. ಹಳೆಯ ತಲೆಮಾರಿನ ಲೆಕ್ಕಿಗರು ಈಗಲೂ ಇದನ್ನು 'ಫಾರ್ಮ್ 23' ಎನ್ನುತ್ತಾರೆ. 1956ರ ಕಾಯಿದೆಯಲ್ಲಿ ಇದ್ದ ಹೆಸರು ಅದು. ಇಲ್ಲಿ ನಾನು ಮತ್ತೆ ಮತ್ತೆ ಕೇಳುವ ಒಂದು ಮಾತಿದೆ: "ಪ್ರೈವೇಟ್ ಕಂಪನಿಗೆ ಎಂಜಿಟಿ-14 ಇಲ್ಲ." ಇದು ಅರ್ಧ ಸತ್ಯ. 2015ರ ಜೂನ್ 5ರ ಅಧಿಸೂಚನೆ ಪ್ರೈವೇಟ್ ಕಂಪನಿಗಳಿಗೆ ವಿನಾಯಿತಿ ಕೊಟ್ಟದ್ದು ಬೋರ್ಡಿನ ಕೆಲವು ನಿರ್ಣಯಗಳ ಸಲ್ಲಿಕೆಗೆ ಮಾತ್ರ. ಷೇರುದಾರರ ವಿಶೇಷ ನಿರ್ಣಯಕ್ಕೆ ಆ ವಿನಾಯಿತಿ ಇಲ್ಲ. ಆ ಅರ್ಧ ಸತ್ಯವನ್ನು ಪೂರ್ತಿ ಸತ್ಯವೆಂದು ನಂಬಿ, ಬಾಂಕಿನವರು ಕೇಳುವ ತನಕ ಸುಮ್ಮನಿದ್ದ ಕಂಪನಿಗಳು ಎಷ್ಟೋ.

ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ. ಹೋಟೆಲುಗಳಿಗೆ ಸ್ಟೀಲಿನ ಅಡುಗೆ ಸಲಕರಣೆ, ಎಂದರೆ ಇಡ್ಲಿ ಸ್ಟೀಮರು, ದೋಸೆ ಕಾವಲಿ, ತೊಳೆಯುವ ಸಿಂಕು ಇತ್ಯಾದಿ ಮಾಡಿಕೊಡುವ ಒಂದು ಕಂಪನಿ. ಇಬ್ಬರು ಡೈರೆಕ್ಟರುಗಳು, ನಾಲ್ಕು ಷೇರುದಾರರು, ಅಧಿಕೃತ ಬಂಡವಾಳ 10 ಲಕ್ಷ ರೂಪಾಯಿ. ಅದರ ಮಾಲಕರು ಕುಂದಾಪುರ ಕಡೆಯ ಶೆಟ್ಟರು. ಆಗಸ್ಟ್ 5ರಂದು ಸಭೆ ನಡೆಸಿ ರಬಾಳೆಗೆ ಹೋಗುವ ವಿಶೇಷ ನಿರ್ಣಯ ಮಾಡಿದರು. ನಾಲ್ವರೂ ಪರವಾಗಿ ಮತ ಹಾಕಿದರು. ನೋಟಿಸು, ಹೇಳಿಕೆ, ಸಭೆಯ ನಡಾವಳಿ ಎಲ್ಲ ಸರಿಯಾಗಿತ್ತು. ನಿರ್ಣಯವಾದ ದಿನವನ್ನು ಬಿಟ್ಟು ಎಣಿಸಬೇಕು. ಆಗಸ್ಟ್ 6 ಮೊದಲನೇ ದಿನ, ಆಗಸ್ಟ್ 31 ಇಪ್ಪತ್ತಾರನೇ ದಿನ, ಸೆಪ್ಟೆಂಬರ್ 4 ಮೂವತ್ತನೇ ದಿನ. ಅದೇ ಕೊನೆಯ ದಿನ. ಕಾಯಿದೆ ಹೇಳುವುದು ಮೂವತ್ತು ದಿನ, ಒಂದು ತಿಂಗಳಲ್ಲ. 'ಮುಂದಿನ ತಿಂಗಳ ಅದೇ ತಾರೀಕು' ಎಂದು ಗುರುತು ಹಾಕಿಕೊಂಡರೆ 31 ದಿನಗಳಿರುವ ತಿಂಗಳಲ್ಲಿ ಒಂದು ದಿನ ತಪ್ಪುತ್ತದೆ.

ಶೆಟ್ಟರು ನನ್ನ ಬಳಿ ಬಂದದ್ದು ಅಕ್ಟೋಬರ್ 20ಕ್ಕೆ. ಹೊಸ ಯಂತ್ರಕ್ಕೆ ಸಾಲ ಮಂಜೂರಾಗಿತ್ತು, ಬಾಂಕು ಹಣ ಬಿಡುತ್ತಿರಲಿಲ್ಲ. ಕಾರಣ, ಮಂತ್ರಾಲಯದ ಜಾಲತಾಣದಲ್ಲಿ ಕಂಪನಿಯ ನೋಂದಾಯಿತ ವಿಳಾಸ ಇನ್ನೂ ಡೊಂಬಿವಲಿ ಎಂದೇ ತೋರಿಸುತ್ತಿತ್ತು.

"ಭಟ್ರೇ, ನಮ್ಮ ಹುಡುಗ ಎಲ್ಲ ಆಗಿದೆ ಅಂದಿದ್ದ. ನಂಬರೂ ಉಂಟಲ್ಲ, ಕಾಣಿ," ಎಂದು ಮೊಬೈಲು ಮುಂದೆ ಹಿಡಿದರು. ಅದರಲ್ಲಿ ಒಂದು ಚಿತ್ರ: ಎಸ್‌ಆರ್‌ಎನ್ ಸಂಖ್ಯೆ, ಎಂಜಿಟಿ-14, ಆಗಸ್ಟ್ 29ರ ದಿನಾಂಕ.

"ಶೆಟ್ರೇ, ಇದರ ಚಲನ್ ಎಲ್ಲಿ?"

"ಚಲನ್ ಅಂದ್ರೆ? ನಂಬರು ಬಂದ ಮೇಲೆ ಆಯ್ತಲ್ಲ."

ಆಗಿರಲಿಲ್ಲ. ಎಸ್‌ಆರ್‌ಎನ್ ಎಂದರೆ ಸೇವಾ ಕೋರಿಕೆಯ ಸಂಖ್ಯೆ. ಜಾಲತಾಣದಲ್ಲಿ ಫಾರ್ಮು ತುಂಬಿ ಒಪ್ಪಿಸಿದಾಗ ಅದು ಹುಟ್ಟುತ್ತದೆ. ಶುಲ್ಕ ಕಟ್ಟಿದ ಮೇಲೆಯೇ ಸಲ್ಲಿಕೆ ಪೂರ್ತಿಯಾಗುವುದು. ಆ ಹುಡುಗ ಏರಿಸಿದ್ದ, ಸಂಖ್ಯೆಯ ಚಿತ್ರ ತೆಗೆದು ಮಾಲಕರಿಗೆ ಕಳಿಸಿದ್ದ, ಶುಲ್ಕ ಕಟ್ಟುವುದನ್ನು ನಾಳೆಗೆ ಬಿಟ್ಟಿದ್ದ. ಆಮೇಲೆ ಬೇರೆ ಕೆಲಸಕ್ಕೆ ಸೇರಿ ಹೋಗಿದ್ದ. 400 ರೂಪಾಯಿಯ ಶುಲ್ಕ! ಇಂಥ ಕಡತಗಳನ್ನು ನೋಡಿದಾಗಲೆಲ್ಲ ನಾನು ಮೊದಲು ಕೇಳುವುದು ಚಲನ್ನನ್ನೇ. ಸಂಖ್ಯೆಯನ್ನು ಅಷ್ಟೇ ತೋರಿಸುವವರ ಮಾತನ್ನು ನಂಬುವುದಿಲ್ಲ. mca.gov.in ತಾಣದಲ್ಲಿ ಎಸ್‌ಆರ್‌ಎನ್ ಹಾಕಿ ಅದರ ಸ್ಥಿತಿ ಏನೆಂದು ನೋಡಬಹುದು. ಅದನ್ನು ನೋಡಲು ಎರಡು ನಿಮಿಷ ಸಾಕು.

ಇನ್ನೊಂದು ಕೊಂಡಿಯೂ ಇಲ್ಲೇ ಸಿಕ್ಕಿಹಾಕಿಕೊಂಡಿತ್ತು. ಕಚೇರಿ ಬದಲಾದದ್ದನ್ನು ರಿಜಿಸ್ಟ್ರಾರರಿಗೆ ತಿಳಿಸುವುದು ಇನ್ನೊಂದು ಫಾರ್ಮಿನಲ್ಲಿ, ಐಎನ್‌ಸಿ-22. ಅದನ್ನು ಬದಲಾವಣೆಯಾದ 30 ದಿನದೊಳಗೆ ಕೊಡಬೇಕು. ಎಲ್ಲೆ ದಾಟುವ ಬದಲಾವಣೆಯಾದರೆ ಆ ಫಾರ್ಮು ಎಂಜಿಟಿ-14ರ ಎಸ್‌ಆರ್‌ಎನ್ ಕೇಳುತ್ತದೆ. ಮೊದಲನೆಯದು ದಾಖಲಾಗದೆ ಎರಡನೆಯದು ಮುಂದೆ ಹೋಗದು. ಎರಡನೆಯದು ದಾಖಲಾಗದೆ ಜಾಲತಾಣದ ವಿಳಾಸ ಬದಲಾಗದು. ವಿಳಾಸ ಬದಲಾಗದೆ ಬಾಂಕು ಸಾಲದ ಕಾಗದಕ್ಕೆ ಮುಂದಾಗದು. ಜಿಎಸ್‌ಟಿಯಲ್ಲಿ ಮುಖ್ಯ ವ್ಯವಹಾರ ಸ್ಥಳದ ಬದಲಾವಣೆಯನ್ನು 15 ದಿನದೊಳಗೆ ತಿಳಿಸಬೇಕಾಗಿತ್ತು. ಅದನ್ನು ಶೆಟ್ಟರ ಲೆಕ್ಕಿಗರು ಮಾಡಿದ್ದರು. ಹಾಗಾಗಿ ಬಿಲ್ಲಿನಲ್ಲಿ ರಬಾಳೆ, ಕಂಪನಿಯ ದಾಖಲೆಯಲ್ಲಿ ಡೊಂಬಿವಲಿ. ಬಾಂಕಿನ ಅಧಿಕಾರಿಗೆ ಅನುಮಾನ ಬಂದದ್ದು ಇದರಿಂದಲೇ.

ಅದೇ ದಿನ ಕೂತು ಸರಿಮಾಡಿದೆವು. ತಡವಾಗಿ ಸಲ್ಲಿಸಲು ಈಗ ಯಾರ ಅನುಮತಿಯೂ ಬೇಡ, ಹೆಚ್ಚುವರಿ ಶುಲ್ಕ ಕಟ್ಟಿದರೆ ಸಾಕು. (2018ರ ಮೇ ತಿಂಗಳಿಗಿಂತ ಮೊದಲು ಹಾಗಿರಲಿಲ್ಲ, ಒಟ್ಟು 300 ದಿನ ದಾಟಿದರೆ ವಿಳಂಬ ಮನ್ನಾಕ್ಕೆ ಕೇಂದ್ರ ಸರ್ಕಾರಕ್ಕೆ ಅರ್ಜಿ ಹಾಕಬೇಕಿತ್ತು.) ಅಧಿಕೃತ ಬಂಡವಾಳ 5 ಲಕ್ಷದಿಂದ 25 ಲಕ್ಷದೊಳಗೆ ಇರುವ ಕಂಪನಿಗೆ ಮೂಲ ಶುಲ್ಕ 400 ರೂಪಾಯಿ. ತಡ 30 ದಿನದೊಳಗಾದರೆ ಅದರ ಎರಡು ಪಟ್ಟು, 60 ದಿನದೊಳಗಾದರೆ ನಾಲ್ಕು ಪಟ್ಟು, 90 ದಿನದೊಳಗಾದರೆ ಆರು ಪಟ್ಟು, 180 ದಿನದೊಳಗಾದರೆ ಹತ್ತು ಪಟ್ಟು, ಅದರಾಚೆಗೆ ಹನ್ನೆರಡು ಪಟ್ಟು ಹೆಚ್ಚುವರಿ. ಸೆಪ್ಟೆಂಬರ್ 4ರಿಂದ ಅಕ್ಟೋಬರ್ 20ಕ್ಕೆ 46 ದಿನ. 400ರ ನಾಲ್ಕು ಪಟ್ಟು 1,600, ಮೂಲ 400 ಸೇರಿ 2,000 ರೂಪಾಯಿ. ಶೆಟ್ಟರ ಮುಖ ಅರಳಿತು. "ಇಷ್ಟೆಯಾ? ಇದಕ್ಕೆ ನಾನು ಎರಡು ರಾತ್ರಿ ನಿದ್ದೆಗೆಟ್ಟೆ!"

ಇಷ್ಟೇ ಅಲ್ಲ ಎಂದು ಹೇಳಬೇಕಾಯಿತು. ಹೆಚ್ಚುವರಿ ಶುಲ್ಕ ಬೇರೆ, ದಂಡ ಬೇರೆ. ಶುಲ್ಕ ಕಟ್ಟಿದ ಮಾತ್ರಕ್ಕೆ ದಂಡದ ಹೊಣೆ ಅಳಿಯುವುದಿಲ್ಲ ಎಂದು 403ನೇ ಕಲಮು ಹೇಳುತ್ತದೆ. 117ನೇ ಕಲಮಿನ ಈಗಿನ ದಂಡ ಹೀಗಿದೆ: ಕಂಪನಿಗೆ 10,000 ರೂಪಾಯಿ, ಮೊದಲ ದಿನದ ನಂತರ ತಪ್ಪು ಮುಂದುವರಿದ ಪ್ರತಿ ದಿನಕ್ಕೆ 100 ರೂಪಾಯಿ, ಗರಿಷ್ಠ 2 ಲಕ್ಷ. ತಪ್ಪಿಗೆ ಹೊಣೆಯಾದ ಪ್ರತಿ ಅಧಿಕಾರಿಗೆ ಅದೇ ಲೆಕ್ಕ, ಗರಿಷ್ಠ 50,000. ಶೆಟ್ಟರ ಕಂಪನಿಗೆ 46 ದಿನವೆಂದು ಹಿಡಿದರೆ 10,000ದ ಮೇಲೆ 4,500, ಒಟ್ಟು 14,500. ಕಾಯಿದೆಯ ಲೆಕ್ಕದಲ್ಲಿ ಅದು 'ಸಣ್ಣ ಕಂಪನಿ'. ಅಂಥವಕ್ಕೆ 446ಬಿ ಕಲಮಿನಲ್ಲಿ ಅರ್ಧಕ್ಕಿಂತ ಹೆಚ್ಚು ದಂಡ ಹಾಕುವಂತಿಲ್ಲ, ಹಾಗಾಗಿ 7,250. ಕಂಪನಿ ಒಂದು, ಡೈರೆಕ್ಟರುಗಳು ಇಬ್ಬರು, ಮೂವರದ್ದು ಸೇರಿ 21,750 ರೂಪಾಯಿ. ಡೈರೆಕ್ಟರುಗಳು ತಮ್ಮ ಪಾಲನ್ನು ಸ್ವಂತ ಜೇಬಿನಿಂದ ಕಟ್ಟಬೇಕು. ರಿಜಿಸ್ಟ್ರಾರರು ಪ್ರತಿ ತಡಕ್ಕೂ ನೋಟಿಸು ಕೊಡುತ್ತಾರೆ ಎಂದೇನೂ ಇಲ್ಲ, ಆದರೆ ಕೊಟ್ಟರೆ ಲೆಕ್ಕ ಇದು. ಒಂದು ಸಮಾಧಾನವೆಂದರೆ, 2013ರ ಕಾಯಿದೆ ಮೊದಲು ಬಂದಾಗ ಇದೇ ತಪ್ಪಿಗೆ ಕಂಪನಿಯ ಕನಿಷ್ಠ ದಂಡವೇ 5 ಲಕ್ಷ ರೂಪಾಯಿ ಇತ್ತು. ಆಮೇಲಿನ ತಿದ್ದುಪಡಿಗಳಲ್ಲಿ ಇಳಿದು 2020ರ ತಿದ್ದುಪಡಿಯಲ್ಲಿ ಈ ಮಟ್ಟಕ್ಕೆ ಬಂದಿದೆ.

ಚಲನ್ ಕೈಗೆ ಬಂದರೆ ಮುಗಿಯಿತೇ? ಶೆಟ್ಟರ ವಿಷಯದಲ್ಲಿ ಹೆಚ್ಚುಕಡಿಮೆ ಮುಗಿಯಿತು. ಎಲ್ಲ ವಿಷಯದಲ್ಲೂ ಹಾಗಲ್ಲ. ಚಲನ್ ಹೇಳುವುದು ಹಣ ಕಟ್ಟಿದ್ದೀರಿ, ಇಂಥ ದಿನ ಕಟ್ಟಿದ್ದೀರಿ ಎಂದು. ದಾಖಲೆ ಸ್ವೀಕಾರವಾಗಿದೆಯೆಂದು ಹೇಳುವುದು ಸ್ಥಿತಿಯ ಪುಟದಲ್ಲಿ ಬರುವ Approved ಎಂಬ ಪದ. ಕೆಲವು ವಿಷಯಗಳ ಎಂಜಿಟಿ-14 ತಾನಾಗಿಯೇ ದಾಖಲಾಗುತ್ತದೆ; ಕೆಲವನ್ನು ಅಧಿಕಾರಿ ಓದಿ ನೋಡುತ್ತಾರೆ. ಕಂಪನಿಯ ಉದ್ದೇಶಗಳ ಬದಲಾವಣೆ ಈ ಎರಡನೇ ಬಗೆಯದು. ಉದಾಹರಣೆಗೆ, ಸಲಕರಣೆ ಮಾಡುವ ಕಂಪನಿ ನಾಳೆ ಕೇಟರಿಂಗಿಗೂ ಇಳಿಯಬೇಕೆಂದು ಮೆಮೊರಾಂಡಮ್‌ನಲ್ಲಿ ಹೊಸ ಉದ್ದೇಶ ಸೇರಿಸುತ್ತದೆ ಎನ್ನಿ. ಅಲ್ಲಿ ನಿರ್ಣಯ ಮಾಡಿದ ದಿನದಿಂದ ಏನೂ ಬದಲಾಗುವುದಿಲ್ಲ. ರಿಜಿಸ್ಟ್ರಾರರು ದಾಖಲಿಸಿ ಪ್ರಮಾಣಪತ್ರ ಕೊಡುವ ತನಕ ಆ ಬದಲಾವಣೆಗೆ ಪರಿಣಾಮವೇ ಇಲ್ಲ ಎಂದು 13ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆ ಪ್ರಮಾಣಪತ್ರವಿಲ್ಲದೆ ಹೊಸ ಉದ್ದೇಶದ ಹೆಸರಿನಲ್ಲಿ ಟೆಂಡರಿಗೆ ಹೋದವರನ್ನು ವಾಪಸು ಕಳಿಸಿದ್ದನ್ನು ನೋಡಿದ್ದೇನೆ. ಹಣ ಕಟ್ಟಿದ ಚಲನ್ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಅಧಿಕಾರಿ ಓದುವ ಫಾರ್ಮಿನಲ್ಲಿ ಕೊರತೆ ಕಂಡರೆ ತಿದ್ದಿ ಮರುಸಲ್ಲಿಸಿ ಎಂದು 15 ದಿನ ಕೊಡುತ್ತಾರೆ. ಕೊರತೆಗಳು ಹೆಚ್ಚಾಗಿ ಬಹಳ ಸಣ್ಣವು: ನೋಟಿಸಿನ ದಿನಾಂಕಕ್ಕೂ ಸಭೆಗೂ ನಡುವೆ 18 ದಿನ ಇದ್ದು ಒಪ್ಪಿಗೆ ಪತ್ರ ಇಲ್ಲ, ನಿರ್ಣಯದ ಪ್ರತಿಯಲ್ಲಿ ಒಂದು ದಿನಾಂಕ, ಫಾರ್ಮಿನಲ್ಲಿ ಇನ್ನೊಂದು, ವಿವರಣಾ ಹೇಳಿಕೆ ಲಗತ್ತಿಸಿಲ್ಲ. ಸೂಚನೆ ಬರುವುದು ಕಂಪನಿ ಕೊನೆಯದಾಗಿ ತಿಳಿಸಿದ ಇಮೇಲಿಗೆ. ಇಲ್ಲೊಂದು ದೊಡ್ಡ ತೊಡಕು. ಕಂಪನಿ ಸ್ಥಾಪಿಸಿದಾಗ ಅರ್ಜಿ ತುಂಬಿದ ಲೆಕ್ಕಿಗರು ತಮ್ಮದೇ ಇಮೇಲು ಹಾಕಿರುತ್ತಾರೆ. ಐದು ವರ್ಷದ ನಂತರ ಅವರೆಲ್ಲೋ, ಕಂಪನಿ ಎಲ್ಲೋ. ಸೂಚನೆ ಅವರ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ, 15 ದಿನ ದಾಟುತ್ತದೆ, ಫಾರ್ಮು ದಾಖಲೆಗೆ ತೆಗೆದುಕೊಳ್ಳದ್ದು ಎಂದಾಗುತ್ತದೆ, ಮತ್ತೆ ಮೊದಲಿನಿಂದ ಹೆಚ್ಚುವರಿ ಶುಲ್ಕದೊಡನೆ. ಶೆಟ್ಟರ ಕಂಪನಿಯ ದಾಖಲೆಯಲ್ಲಿದ್ದದ್ದು ಅವರು ಹೆಸರನ್ನೇ ಮರೆತಿದ್ದ ಒಬ್ಬರ ಇಮೇಲು. ಅದನ್ನೂ ಬದಲಿಸಿದೆವು.

ಏನನ್ನು ಇಟ್ಟುಕೊಳ್ಳಬೇಕೆಂದು ಶೆಟ್ಟರು ಕೇಳಿದರು. ನಾನು ಅವರಿಗೆ ಒಂದು ನಿರ್ಣಯಕ್ಕೆ ಒಂದು ಕಡತ ಎಂದೆ. ನೋಟಿಸು ಮತ್ತು ಅದು ಎಲ್ಲರಿಗೂ ಹೋದದ್ದಕ್ಕೆ ಪುರಾವೆ, ಇಮೇಲಾದರೆ ಅದರ ಪ್ರತಿ. ಡೈರೆಕ್ಟರರ ಸಹಿಯಿರುವ ನಿರ್ಣಯದ ದೃಢೀಕೃತ ಪ್ರತಿ ಮತ್ತು ವಿವರಣಾ ಹೇಳಿಕೆ. ಏರಿಸಿದ ಫಾರ್ಮಿನ ಪಿಡಿಎಫ್, ಅಂದರೆ ಡಿಜಿಟಲ್ ಸಹಿ ಹಾಕಿದ ಅದೇ ಪ್ರತಿ. ಸಹಿಗೆ ಮುಂಚಿನ ಕರಡು ಅಲ್ಲ. ಚಲನ್. ಚಲನ್ನಿನ ಮೊತ್ತ ಖಾತೆಯಿಂದ ಹೋದದ್ದು ಕಾಣುವ ಬಾಂಕಿನ ಪುಟ. ಕೊನೆಗೆ, Approved ಎಂದು ಬಂದ ಸ್ಥಿತಿಯ ಪುಟ, ದಿನಾಂಕ ಕಾಣುವಂತೆ. ಇವಿಷ್ಟನ್ನು ಒಂದು ಪ್ರತಿ ಕಾಗದದಲ್ಲಿ ಸಭೆಯ ನಡಾವಳಿ ಪುಸ್ತಕದ ಜೊತೆ, ಇನ್ನೊಂದು ಡೈರೆಕ್ಟರರ ಕೈಯಲ್ಲೇ. ಲೆಕ್ಕಿಗರ ಗಣಕದಲ್ಲಿ ಮಾತ್ರ ಇದ್ದರೆ, ಅವರ ಜೊತೆ ಮನಸ್ತಾಪವಾದ ದಿನ ಕಡತವೂ ಹೋಗುತ್ತದೆ.

"ಇದೆಲ್ಲ ಕಳೆದುಹೋದರೆ?" ಎಂದು ಕೇಳಿದವರಿಗೆ ಒಂದು ದಾರಿ ಇದೆ. ದಾಖಲಾದ ಎಂಜಿಟಿ-14 ಸಾರ್ವಜನಿಕ ದಾಖಲೆ. 100 ರೂಪಾಯಿ ಕಟ್ಟಿ ಯಾರು ಬೇಕಾದರೂ ಕಂಪನಿಯ ದಾಖಲೆಗಳನ್ನು ಜಾಲತಾಣದಲ್ಲಿ ನೋಡಬಹುದು. ಬಾಂಕಿನ ವಕೀಲರು ನೋಡುವುದು ಹಾಗೆಯೇ. ನಾವು ಕೊಟ್ಟ ಪ್ರತಿಯನ್ನು ಅವರು ಅಲ್ಲಿರುವುದಕ್ಕೆ ಹೋಲಿಸುತ್ತಾರೆ. ನ್ಯಾಯಾಲಯಕ್ಕೆ ಬೇಕಾದರೆ 399ನೇ ಕಲಮಿನಡಿ ಪುಟಕ್ಕೆ 25 ರೂಪಾಯಿಯಂತೆ ರಿಜಿಸ್ಟ್ರಾರರ ದೃಢೀಕೃತ ಪ್ರತಿ ಪಡೆಯಬಹುದು, ಅದಕ್ಕೆ ಮೂಲದಷ್ಟೇ ಬೆಲೆ. ಆದರೆ ಇದು ದಾಖಲಾದ ಕಾಗದಕ್ಕೆ ಮಾತ್ರ. ಆಗಸ್ಟ್ 29ರಂದು ಏರಿಸಿ ಹಣ ಕಟ್ಟದೆ ಬಿಟ್ಟ ಆ ಫಾರ್ಮಿಗೆ ದೃಢೀಕೃತ ಪ್ರತಿ ಎಲ್ಲಿಂದ ಬರಬೇಕು?

ಎಂಜಿಟಿ-14 ಆದ ಮೇಲೆ ಐಎನ್‌ಸಿ-22 ಸಲ್ಲಿಸಿದೆವು. ಅದೂ ತಡವೇ, ಅದಕ್ಕೂ ಹೆಚ್ಚುವರಿ ಶುಲ್ಕ ಬಿತ್ತು. ಹೊಸ ಜಾಗದ ಬಾಡಿಗೆ ಕರಾರು, ಮಾಲಕರ ಒಪ್ಪಿಗೆ ಪತ್ರ, ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್ ಬಿಲ್ಲು ಲಗತ್ತಿಸಬೇಕಿತ್ತು. ಜಾಲತಾಣದಲ್ಲಿ ರಬಾಳೆಯ ವಿಳಾಸ ಕಂಡ ಮೇಲೆ ಬಾಂಕಿನವರು ಎರಡೂ ಫಾರ್ಮಿನ ಪ್ರತಿ ಮತ್ತು ಚಲನ್ ಇಟ್ಟುಕೊಂಡು ಸಾಲದ ಕಾಗದಕ್ಕೆ ಸಹಿ ಹಾಕಿಸಿದರು.

ಆಮೇಲೆ ರಬಾಳೆಯ ಗಾಲೆಗೆ ಹೋದಾಗ ಹೊರಗಿನ ಬೋರ್ಡನ್ನೂ ನೋಡಿದೆ. ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಎರಡೂ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಆ ಊರಲ್ಲಿ ಬಳಕೆಯಲ್ಲಿರುವ ಭಾಷೆಯ ಲಿಪಿಯಲ್ಲೂ ಇರಬೇಕು ಎಂದು ಅದೇ 12ನೇ ಕಲಮು ಹೇಳುತ್ತದೆ. ಶೆಟ್ಟರು ಪೇಂಟರನ್ನು ಕರೆಸಿ ಮರಾಠಿಯಲ್ಲೂ ಬರೆಸಿದರು.